ಗಡಿಪ್ರದೇಶಗಳಲ್ಲಿ ಅನೈಚ್ಛಿಕ ರೋಮಿಂಗ್

ಅನೈಚ್ಛಿಕ ರೋಮಿಂಗ್ ಎಂದರೆ ಚಂದಾದಾರನು ತನ್ನ ದೇಶದ ಅಥವಾ ತನ್ನ ಸೇವಾವೃತ್ತದ ಗಡಿಯೊಳಗೇ ಇರುವಾಗ, ಅವನಿಗೆ ತಿಳಿಯದಂತೆ ಅವನ ಮೊಬೈಲ್ ಫೋನು ಗಡಿಯಾಚೆಯ ಜಾಲಕ್ಕೆ ಸೇರಿಕೊಂಡು, ಆ ಜಾಲದ ಬಳಕೆಗಾಗಿ ರೋಮಿಂಗ್ ಶುಲ್ಕ ಬೀಳುವ ಸ್ಥಿತಿ. ವ್ಯಕ್ತಿಯು ಗಡಿಯನ್ನು ದಾಟಿರುವುದಿಲ್ಲ. ದಾಟಿರುವುದು ರೇಡಿಯೋ ಸಂಕೇತ ಮಾತ್ರ. ದೂರವಾಣಿ ಸಂಸ್ಥೆಯ ಲೆಕ್ಕಪತ್ರದಲ್ಲಿ ಗ್ರಾಹಕ ನಿಂತಿದ್ದ ಸ್ಥಳಕ್ಕೆ ಬೆಲೆಯಿಲ್ಲ. ಅವನ ಫೋನಿಗೆ ಸೇವೆ ಕೊಟ್ಟ ಟವರ್ ಯಾವ ಜಾಲಕ್ಕೆ ಸೇರಿದ್ದು ಎಂಬುದೊಂದೇ ಅಲ್ಲಿ ದಾಖಲಾಗುತ್ತದೆ. ಈ ವಿಷಯದ ಬಹುಪಾಲು ತಂಟೆಗಳ ಮೂಲ ಇಲ್ಲಿಯೇ ಇದೆ.

ಮಂಗಳೂರು ಯಾವ ವಿದೇಶದ ಗಡಿಯಲ್ಲಿಯೂ ಇಲ್ಲ. ಆದರೂ ಈ ನಗರದವರಿಗೆ ವಿಷಯವು ಎರಡು ದಾರಿಗಳಿಂದ ಪರಿಚಿತವಾಗಿದೆ. ಮೊದಲನೆಯದು ನಗರದ ದಕ್ಷಿಣಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿರುವ ತಲಪಾಡಿ. ಅಲ್ಲಿ ಕರ್ನಾಟಕ ಮತ್ತು ಕೇರಳ ದೂರಸಂಪರ್ಕ ವೃತ್ತಗಳು ಕೂಡುತ್ತವೆ, ಮತ್ತು ದೇಶೀಯ ರೋಮಿಂಗ್ ಶುಲ್ಕ ಇದ್ದ ಕಾಲದಲ್ಲಿ ಈ ತೊಂದರೆ ದಿನನಿತ್ಯದ್ದಾಗಿತ್ತು. ಎರಡನೆಯದು ಕೊಲ್ಲಿ ರಾಷ್ಟ್ರಗಳು. ಕರಾವಳಿಯ ಅನೇಕ ಕುಟುಂಬಗಳು ನೆಲೆಸಿರುವ ಸಂಯುಕ್ತ ಅರಬ್ ಸಂಸ್ಥಾನದ ಗಡಿ ಊರುಗಳಲ್ಲಿ ಒಮಾನ್ ದೇಶದ ಜಾಲ ಇಂದಿಗೂ ಫೋನುಗಳಿಗೆ ಸಿಗುತ್ತದೆ. ಮೊದಲನೆಯದು ಈಗ ಬಹುಮಟ್ಟಿಗೆ ಇತಿಹಾಸ, ಎರಡನೆಯದು ಅಲ್ಲ.

## ಫೋನು ಜಾಲವನ್ನು ಆರಿಸುವ ಕ್ರಮ

ಪ್ರತಿಯೊಂದು ಮೊಬೈಲ್ ಜಾಲಕ್ಕೂ ಒಂದು ಸಂಖ್ಯೆಯಿದೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನೂ ಉಳಿದವು ಸಂಸ್ಥೆಯನ್ನೂ ಸೂಚಿಸುತ್ತವೆ. ಭಾರತಕ್ಕೆ 404 ಮತ್ತು 405, ಶ್ರೀಲಂಕಾಕ್ಕೆ 413, ಒಮಾನ್‌ಗೆ 422, ಸಂಯುಕ್ತ ಅರಬ್ ಸಂಸ್ಥಾನಕ್ಕೆ 424 ಎಂದು ನಿಗದಿಯಾಗಿದೆ. ಭಾರತದಲ್ಲಿ ಪರವಾನಗಿಗಳನ್ನು ಇಡೀ ದೇಶಕ್ಕೆ ಒಂದಾಗಿ ಕೊಡದೆ 22 ಸೇವಾವೃತ್ತಗಳಾಗಿ ವಿಂಗಡಿಸಿ ಕೊಟ್ಟಿದ್ದರಿಂದ, ಒಂದೇ ಸಂಸ್ಥೆಗೆ ವೃತ್ತಕ್ಕೊಂದು ಸಂಖ್ಯೆ ಬಂದಿತು. ಬಿಎಸ್‌ಎನ್‌ಎಲ್‌ನ ಕರ್ನಾಟಕ ಜಾಲದ ಸಂಖ್ಯೆ 404-71, ಕೇರಳದ್ದು 404-72. ಏರ್‌ಟೆಲ್‌ನ ಕರ್ನಾಟಕ ಜಾಲ 404-45, ಕೇರಳದ್ದು 404-95. ಗ್ರಾಹಕನ ಕಣ್ಣಿಗೆ ಎರಡೂ ಒಂದೇ ಹೆಸರಿನ ಸಂಸ್ಥೆಗಳು. ಫೋನಿನ ಪಾಲಿಗೆ ಅವು ಎರಡು ಬೇರೆ ಜಾಲಗಳು.

ಸಿಮ್ ಕಾರ್ಡಿನಲ್ಲಿ ಅದರ ಸ್ವಂತ ಜಾಲದ ಸಂಖ್ಯೆಯೂ, ಸ್ವಂತ ಜಾಲ ಸಿಗದಿದ್ದಾಗ ಯಾವುದನ್ನು ಮೊದಲು ಸೇರಬೇಕೆಂಬ ಆದ್ಯತೆಯ ಪಟ್ಟಿಯೂ ಬರೆದಿರುತ್ತವೆ. ಸ್ವಯಂಚಾಲಿತ ಆಯ್ಕೆಯಲ್ಲಿರುವ ಫೋನು ಮೊದಲಿಗೆ ಸ್ವಂತ ಜಾಲವನ್ನು ಹುಡುಕುತ್ತದೆ. ಅದು ಸಿಗದಿದ್ದರೆ ಆದ್ಯತೆಯ ಪಟ್ಟಿಯಲ್ಲಿರುವ ಜಾಲಗಳನ್ನು ಕ್ರಮವಾಗಿ ಪರೀಕ್ಷಿಸುತ್ತದೆ. ಅವೂ ಇಲ್ಲದಿದ್ದರೆ ಸಾಕಷ್ಟು ಬಲವಾದ ಸಂಕೇತವಿರುವ ಇತರ ಯಾವುದಾದರೊಂದು ಜಾಲಕ್ಕೆ ಸೇರುತ್ತದೆ. ಈ ಕ್ರಮದಲ್ಲಿ ದೇಶದ ಗಡಿಗೆ ಯಾವ ಸ್ಥಾನವೂ ಇಲ್ಲ ಎಂಬುದನ್ನು ಗಮನಿಸಬೇಕು. ತಾನು ಯಾವ ನೆಲದ ಮೇಲೆ ಇದ್ದೇನೆ ಎಂದು ಫೋನು ಕೇಳುವುದಿಲ್ಲ. ಯಾವ ಸಂಕೇತ ಕಿವಿಗೆ ಬೀಳುತ್ತಿದೆ ಎಂದಷ್ಟೇ ಕೇಳುತ್ತದೆ.

ಗಡಿಯಾಚೆಯ ಟವರಿನ ಸಂಕೇತ ಹೆಚ್ಚು ಬಲವಾಗಿರುವುದರಿಂದ ಫೋನು ಅತ್ತ ಹಾರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇದು ಪೂರ್ಣ ಸರಿಯಲ್ಲ. ಸ್ವಂತ ಜಾಲದ ಸಂಕೇತ ಕ್ಷೀಣವಾಗಿದ್ದರೂ ಬಳಸಬಹುದಾದ ಮಟ್ಟದಲ್ಲಿ ಇರುವವರೆಗೆ ಫೋನು ಅದನ್ನು ಬಿಡುವುದಿಲ್ಲ. ಪಕ್ಕದ ಜಾಲ ಎಷ್ಟೇ ಬಲವಾಗಿದ್ದರೂ ಹೋಲಿಸಿ ನೋಡುವುದಿಲ್ಲ. ಬದಲಾವಣೆ ಆಗುವುದು ಸ್ವಂತ ಸಂಕೇತ ಕೆಲವು ಕ್ಷಣಗಳ ಮಟ್ಟಿಗಾದರೂ ಪೂರ್ತಿ ತಪ್ಪಿದಾಗ. ಗುಡ್ಡದ ಮರೆ, ಕಾಂಕ್ರೀಟ್ ಕಟ್ಟಡದ ಒಳಕೋಣೆ, ನೆಲಮಾಳಿಗೆಯ ವಾಹನ ನಿಲುಗಡೆ, ಸ್ವಂತ ಟವರಿನಲ್ಲಿ ವಿದ್ಯುತ್ ಕಡಿತ, ಇಷ್ಟು ಸಾಕು. ಆ ಕ್ಷಣದಲ್ಲಿ ಫೋನು ಹೊಸದಾಗಿ ಹುಡುಕಾಟ ಆರಂಭಿಸುತ್ತದೆ ಮತ್ತು ಸಿಕ್ಕಿದ ಜಾಲದಲ್ಲಿ ನೋಂದಾಯಿಸಿಕೊಳ್ಳುತ್ತದೆ.

ಒಮ್ಮೆ ಹೊರಜಾಲಕ್ಕೆ ಸೇರಿದ ಮೇಲೆ ಮರಳಿ ಬರುವುದು ಹೋದಷ್ಟು ಸುಲಭವಲ್ಲ. ಹೊರಜಾಲದಲ್ಲಿರುವ ಫೋನು ಕಾಲಕಾಲಕ್ಕೆ ಸ್ವಂತ ಜಾಲವನ್ನು ಹುಡುಕಬೇಕೆಂದು ಮಾನದಂಡ ಹೇಳುತ್ತದೆ. ಈ ಅವಧಿಯನ್ನು ಸಿಮ್‌ನಲ್ಲಿಯೇ ಬರೆಯಲಾಗುತ್ತದೆ. ಅದು 6 ನಿಮಿಷದಿಂದ 8 ಗಂಟೆಯವರೆಗೆ ಇರಬಹುದು, ಏನೂ ಬರೆದಿರದಿದ್ದರೆ 60 ನಿಮಿಷ. ಹುಡುಕಾಟವು ಫೋನು ಸುಮ್ಮನಿರುವಾಗ ಮಾತ್ರ ನಡೆಯುತ್ತದೆ, ಮಾತಿನ ನಡುವೆ ಅಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಿತಿಯಿದೆ. ಈ ನಿಯತಕಾಲಿಕ ಹುಡುಕಾಟವನ್ನು ಫೋನು ಆ ಹೊತ್ತಿನಲ್ಲಿ ಸೇರಿಕೊಂಡಿರುವ ಜಾಲ ಯಾವ ದೇಶದ್ದೋ ಆ ದೇಶದ ಜಾಲಗಳಿಗೆ ಸೀಮಿತಗೊಳಿಸಲಾಗಿದೆ. ದೂರದೇಶದಲ್ಲಿ ಪ್ರಯಾಣಿಸುವವನ ಫೋನು ಸಾವಿರಾರು ಕಿ.ಮೀ. ಆಚೆಯ ಸ್ವಂತ ಜಾಲವನ್ನು ವೃಥಾ ಹುಡುಕುತ್ತ ಬ್ಯಾಟರಿ ವ್ಯಯಿಸಬಾರದೆಂಬುದು ಇದರ ಹಿಂದಿನ ಸಹಜ ತರ್ಕ. ಆದರೆ ಗಡಿಯ ಊರಿನಲ್ಲಿ ಇದೇ ತರ್ಕ ತಿರುಗುಬಾಣವಾಗುತ್ತದೆ. ಒಮಾನ್ ಜಾಲಕ್ಕೆ ಸೇರಿದ ಫೋನು ತಾನು ಒಮಾನ್‌ನಲ್ಲಿದ್ದೇನೆ ಎಂದೇ ಭಾವಿಸಿ ಒಮಾನ್‌ನ ಜಾಲಗಳಲ್ಲೇ ಹುಡುಕುತ್ತಿರುತ್ತದೆ. ತಲಪಾಡಿಯಲ್ಲಿ ಎರಡೂ ಕಡೆಯ ಜಾಲಗಳು ಭಾರತದವೇ ಆದ್ದರಿಂದ ಈ ತಡೆ ಇರಲಿಲ್ಲ; ಅಲ್ಲಿ ಫೋನು ತಡವಾಗಿಯಾದರೂ ಮನೆಗೆ ಮರಳುತ್ತಿತ್ತು.

## ತಲಪಾಡಿ: ವೃತ್ತಗಳ ಗಡಿ

ಇಂದಿನ ಕಾಸರಗೋಡು ಜಿಲ್ಲೆಯ ಪ್ರದೇಶವು 1956ರ ನವೆಂಬರ್ 1ರವರೆಗೆ ಮಂಗಳೂರು ಆಡಳಿತ ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅದು ಕೇರಳಕ್ಕೆ ಸೇರಿತು. ಭಾಷೆ, ಬಂಧುತ್ವ, ವ್ಯಾಪಾರ, ಆಸ್ಪತ್ರೆ, ಶಿಕ್ಷಣ ಇವೆಲ್ಲದರಲ್ಲಿ ಮಂಜೇಶ್ವರ, ಉಪ್ಪಳ, ಕುಂಜತ್ತೂರು ಕಡೆಯ ಜನರ ಬದುಕು ಮಂಗಳೂರಿನೊಂದಿಗೆ ಬೆಸೆದುಕೊಂಡೇ ಉಳಿಯಿತು. ಮೊಬೈಲ್ ಸೇವೆಗೆ ವೃತ್ತಗಳನ್ನು ಎಳೆದವರು ಹೆಚ್ಚುಕಡಿಮೆ ರಾಜ್ಯದ ಗಡಿಗಳನ್ನೇ ಅನುಸರಿಸಿದ್ದರಿಂದ ಕಾಸರಗೋಡು ಜಿಲ್ಲೆ ಕೇರಳ ವೃತ್ತಕ್ಕೆ, ದಕ್ಷಿಣ ಕನ್ನಡ ಕರ್ನಾಟಕ ವೃತ್ತಕ್ಕೆ ಸೇರಿದವು. ಮಂಗಳೂರಿನೊಂದಿಗೆ ಹಿಂದಿನಿಂದಲೂ ಕಡಲ ವ್ಯಾಪಾರವುಳ್ಳ ಲಕ್ಷದ್ವೀಪವೂ ಕೇರಳ ವೃತ್ತದಲ್ಲಿಯೇ ಇದೆ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತೊಕ್ಕೊಟ್ಟು, ಕೋಟೆಕಾರು ದಾಟಿ ತಲಪಾಡಿಗೆ ಬಂದರೆ ರಾಜ್ಯದ ಗಡಿ ಸಿಗುತ್ತದೆ. ನೆಲದ ಮೇಲೆ ಅದನ್ನು ಗುರುತಿಸುವಂಥ ನದಿಯೋ ಬೆಟ್ಟವೋ ಅಲ್ಲಿ ಇಲ್ಲ. ತೆಂಗಿನ ತೋಟ, ಮನೆ, ಅಂಗಡಿಗಳ ಸಾಲು ಎರಡೂ ಕಡೆಗೆ ಒಂದೇ ಸಮನೆ ಮುಂದುವರಿಯುತ್ತದೆ. ಕಿಲೋಮೀಟರುಗಟ್ಟಲೆ ಹರಡುವ ಟವರಿನ ಸಂಕೇತವನ್ನು ಇಂಥ ಗೆರೆಯ ಮೇಲೆ ಕತ್ತರಿಸಿ ನಿಲ್ಲಿಸುವುದು ಯಾರಿಂದಲೂ ಸಾಧ್ಯವಿಲ್ಲ. ಗಡಿಯಿಂದ ಈಚೆ ಕರ್ನಾಟಕದ ಮನೆಯೊಂದರಲ್ಲಿ ಕುಳಿತವನ ಫೋನು ಕೇರಳದ ಜಾಲವನ್ನು ಹಿಡಿಯುವುದೂ, ಆಚೆಯವನ ಫೋನು ಕರ್ನಾಟಕದ್ದನ್ನು ಹಿಡಿಯುವುದೂ ಸಹಜ ಪರಿಣಾಮ.

ಇದರ ಬೆಲೆ ಎಷ್ಟಿತ್ತು ಎಂಬುದನ್ನು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) ವಿಧಿಸಿದ್ದ ಗರಿಷ್ಠ ದರಗಳಿಂದ ಲೆಕ್ಕ ಹಾಕಬಹುದು. 2007ರಲ್ಲಿ ನಿಗದಿಯಾದ ಮಿತಿಯಂತೆ ರೋಮಿಂಗ್‌ನಲ್ಲಿರುವಾಗ ಬರುವ ಕರೆಗೆ ನಿಮಿಷಕ್ಕೆ 1.75 ರೂ., ಅದೇ ವೃತ್ತದೊಳಗಿನ ಹೊರಕರೆಗೆ 1.40 ರೂ., ಬೇರೆ ವೃತ್ತಕ್ಕೆ ಮಾಡುವ ಎಸ್‌ಟಿಡಿ ಕರೆಗೆ 2.40 ರೂ. ಇತ್ತು. 2013ರ ಜುಲೈ 1ರಿಂದ ಇವು ಕ್ರಮವಾಗಿ 75 ಪೈಸೆ, 1 ರೂ. ಮತ್ತು 1.50 ರೂ. ಆದವು. 2015ರ ಮೇ 1ರಿಂದ 45 ಪೈಸೆ, 80 ಪೈಸೆ ಮತ್ತು 1.15 ರೂ.ಗೆ ಇಳಿದವು.

ತಲಪಾಡಿಯಲ್ಲಿ ತನ್ನ ಮನೆಯಲ್ಲೇ ಇರುವ, ಕರ್ನಾಟಕದ ಸಿಮ್ ಹೊಂದಿದ ವ್ಯಕ್ತಿಯೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವನ ಫೋನು ಕೇರಳದ ಜಾಲದಲ್ಲಿದೆ. ಮಂಗಳೂರಿನಿಂದ ಬಂದ ಕರೆಯಲ್ಲಿ ಅವನು 10 ನಿಮಿಷ ಮಾತನಾಡುತ್ತಾನೆ. ಬಳಿಕ ಎದುರು ಮನೆಯವರಿಗೆ ತಾನೇ ಕರೆ ಮಾಡಿ 5 ನಿಮಿಷ ಮಾತನಾಡುತ್ತಾನೆ. ಎದುರು ಮನೆಯವರದೂ ಕರ್ನಾಟಕದ ಸಂಖ್ಯೆಯೇ. ಆದರೆ ಕರೆ ಕೇರಳದ ಜಾಲದಿಂದ ಹೊರಟಿದ್ದರಿಂದ ಅದು ಸ್ಥಳೀಯ ಕರೆಯಲ್ಲ, ಎಸ್‌ಟಿಡಿ. ಗರಿಷ್ಠ ದರದಲ್ಲಿ 2007ರ ಮಿತಿಯಂತೆ ಒಳಕರೆಗೆ 17.50 ರೂ., ಹೊರಕರೆಗೆ 12 ರೂ., ಒಟ್ಟು 29.50 ರೂ. ಆಗುತ್ತಿತ್ತು. 2013ರ ಮಿತಿಯಲ್ಲಿ ಇದೇ ಮಾತುಕತೆಗೆ 15 ರೂ., 2015ರ ಮಿತಿಯಲ್ಲಿ 10.25 ರೂ. ಫೋನು ಸ್ವಂತ ಜಾಲದಲ್ಲಿ ಇದ್ದಿದ್ದರೆ ಒಳಕರೆಗೆ ಏನೂ ಇಲ್ಲ, ಹೊರಕರೆಗೆ ಸ್ಥಳೀಯ ದರ ಮಾತ್ರ. ಮೊತ್ತ ಒಂದೊಂದು ಸಲಕ್ಕೆ ಸಣ್ಣದಾಗಿ ಕಾಣಬಹುದು. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿಗಳ ರೀಚಾರ್ಜ್ ಮಾಡಿಸಿ, ಒಳಕರೆ ಉಚಿತವೆಂಬ ನಂಬಿಕೆಯಿಂದ ಫೋನು ಇಟ್ಟುಕೊಂಡವರಿಗೆ ಅದು ಸಣ್ಣದಾಗಿರಲಿಲ್ಲ. ಪ್ರೀಪೇಯ್ಡ್ ಖಾತೆಯಲ್ಲಿ ಹಣ ಮುಗಿದರೆ ರೋಮಿಂಗ್‌ನಲ್ಲಿ ಬರುವ ಕರೆಯೂ ನಿಲ್ಲುತ್ತಿತ್ತು. 'ಫೋನು ಬರುತ್ತಿಲ್ಲ' ಎಂಬ ದೂರಿನ ಹಿಂದೆ ಹಲವು ಸಲ ಇದ್ದ ಕಾರಣ ಇಷ್ಟೇ.

ಈ ಶುಲ್ಕ ಕೊನೆಗೊಂಡದ್ದು ಗಡಿನಾಡಿನವರ ಅಹವಾಲಿನಿಂದ ಅಲ್ಲ, ಸಂಸ್ಥೆಗಳ ಪೈಪೋಟಿಯಿಂದ. ಬಿಎಸ್‌ಎನ್‌ಎಲ್ 2015ರ ಜೂನ್ 15ರಿಂದ ರೋಮಿಂಗ್‌ನಲ್ಲಿ ಒಳಕರೆಗಳನ್ನು ಉಚಿತಗೊಳಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಜಿಯೋ ದೇಶದೊಳಗೆ ರೋಮಿಂಗ್ ಶುಲ್ಕವನ್ನೇ ಇರಿಸಲಿಲ್ಲ. ಏರ್‌ಟೆಲ್ 2017ರ ಏಪ್ರಿಲ್ 1ರಿಂದ ಅದನ್ನು ಕೈಬಿಟ್ಟಿತು, ಇತರರೂ ಹಿಂಬಾಲಿಸಿದರು. ಇಂದು ತಲಪಾಡಿಯಲ್ಲಿ ಪರದೆಯ ಮೇಲೆ ಜಾಲ ಬದಲಾದರೂ ಸಾಮಾನ್ಯ ಯೋಜನೆಗಳಲ್ಲಿ ಹಣ ಬದಲಾಗುವುದಿಲ್ಲ. ಉಳಿದಿರುವ ಒಂದು ಪರಿಣಾಮವನ್ನು ಮಾತ್ರ ಹೇಳಬೇಕು. 112 ತುರ್ತು ಸೇವೆಯನ್ನು ರಾಜ್ಯವಾರು ಕೇಂದ್ರಗಳು ನಡೆಸುತ್ತವೆ. ಆಚೆಯ ಟವರಿನ ಮೂಲಕ ಹೋದ ಕರೆ ಆಚೆಯ ರಾಜ್ಯದ ಕೇಂದ್ರವನ್ನು ತಲುಪುವ ಸಾಧ್ಯತೆ ಇದೆ. ಆದ್ದರಿಂದ ಗಡಿಯಲ್ಲಿರುವವರು ಕರೆಯ ಆರಂಭದಲ್ಲೇ ಊರು ಮತ್ತು ಜಿಲ್ಲೆಯ ಹೆಸರನ್ನು ಹೇಳುವುದು ಒಳ್ಳೆಯದು.

## ಅಲ್ ಐನ್ ಮತ್ತು ಬುರೈಮಿ

ನಿಜವಾದ ಅಂತರರಾಷ್ಟ್ರೀಯ ಪ್ರಕರಣಕ್ಕೆ ಅಲ್ ಐನ್ ನಗರ ಉತ್ತಮ ನಿದರ್ಶನ. ಅಬುಧಾಬಿ ಸಂಸ್ಥಾನಕ್ಕೆ ಸೇರಿದ ಈ ನಗರವು ಅಬುಧಾಬಿ ಪಟ್ಟಣದಿಂದ ಸುಮಾರು 160 ಕಿ.ಮೀ. ಪೂರ್ವದಲ್ಲಿದೆ. ಅದಕ್ಕೆ ಅಂಟಿಕೊಂಡೇ ಒಮಾನ್‌ನ ಬುರೈಮಿ ಪಟ್ಟಣವಿದೆ. ಇವೆರಡೂ ಒಂದೇ ಓಯಸಿಸ್ ಸಮೂಹದ ಮೇಲೆ ಬೆಳೆದ ಊರುಗಳು. ನಡುವೆ ಈಗ ಬೇಲಿಯೂ ತಪಾಸಣಾ ಠಾಣೆಗಳೂ ಇವೆ. ಬೇಲಿಯ ಈಚೆಗಿನ ಬಡಾವಣೆಗಳಲ್ಲಿ ಒಮಾಂಟೆಲ್ (422-02) ಅಥವಾ ಊರಿಡೂ (422-03) ಜಾಲಗಳೂ, ಆಚೆ ಎತಿಸಲಾತ್ (424-02) ಅಥವಾ ಡು (424-03) ಜಾಲಗಳೂ ಸಿಗುತ್ತವೆ. ಮುಸಂದಂ ಪರ್ಯಾಯದ್ವೀಪದ ಅಂಚಿನಲ್ಲಿಯೂ ಇದೇ ಸ್ಥಿತಿ. ಅಲ್ಲಿ ದಿಬ್ಬಾ ಎಂಬ ಒಂದೇ ಕಡಲತೀರದ ಊರು ಫುಜೈರಾ, ಶಾರ್ಜಾ ಮತ್ತು ಒಮಾನ್ ನಡುವೆ ಮೂರು ಪಾಲಾಗಿದೆ. ಸಂಯುಕ್ತ ಅರಬ್ ಸಂಸ್ಥಾನದ ನಡುವೆ ಒಮಾನ್‌ಗೆ ಸೇರಿದ ಮಧಾ ಎಂಬ ತುಂಡು, ಆ ಮಧಾದ ಒಳಗೆ ಮತ್ತೆ ಶಾರ್ಜಾಕ್ಕೆ ಸೇರಿದ ನಹ್ವಾ ಎಂಬ ಊರು ಇವೆ. ಇಂಥ ನಕ್ಷೆಯನ್ನು ಯಾವ ರೇಡಿಯೋ ತಂತ್ರಜ್ಞನೂ ಪಾಲಿಸಲಾರ.

ಹೆಚ್ಚು ಪೆಟ್ಟು ಬೀಳುವುದು ಅಲ್ಲಿನ ನಿವಾಸಿಗಳಿಗಿಂತ ಊರಿನಿಂದ ಮಕ್ಕಳ ಮನೆಗೆ ಬಂದ ಹಿರಿಯರಿಗೆ. ಕಾರಣ ಹೀಗಿದೆ. ಮಂಗಳೂರಿನಿಂದ ಹೊರಡುವಾಗ ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸಲಾಗುತ್ತದೆ. ಕೆಲವು ಪ್ಯಾಕ್‌ಗಳು ಹಲವು ದೇಶಗಳಿಗೆ ಅನ್ವಯಿಸುತ್ತವೆ, ಕೆಲವು ಹೆಸರಿಸಿದ ದೇಶಕ್ಕೆ ಮಾತ್ರ. ಪ್ಯಾಕ್ ಸಂಯುಕ್ತ ಅರಬ್ ಸಂಸ್ಥಾನಕ್ಕೆ ಮಾತ್ರ ಇದ್ದು ಫೋನು ಒಮಾನ್ ಜಾಲಕ್ಕೆ ಸೇರಿದರೆ, ಆ ಬಳಕೆ ಪ್ಯಾಕ್‌ನ ಹೊರಗೆ ಬೀಳುತ್ತದೆ. ಅದಕ್ಕೆ ಪ್ಯಾಕ್ ಇಲ್ಲದ ಸಾಮಾನ್ಯ ದರ ಅನ್ವಯವಾಗುತ್ತದೆ.

ಒಂದು ಸಂಜೆಯ ಕ್ರಮವನ್ನು ಕಲ್ಪಿಸಿಕೊಳ್ಳಬಹುದು. ಗಡಿಬೇಲಿಯ ಸಮೀಪದ ಅಂಗಡಿ ಸಂಕೀರ್ಣಕ್ಕೆ ಕುಟುಂಬ ಹೋಗುತ್ತದೆ. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವಾಗ ಫೋನಿನ ಸಂಕೇತ ಪೂರ್ತಿ ತಪ್ಪುತ್ತದೆ. ಮೇಲೆ ಬರುವಾಗ ಫೋನು ಹೊಸದಾಗಿ ಹುಡುಕುತ್ತದೆ. ಸ್ವಂತ ಜಾಲವಾದ ಭಾರತದ್ದು ಸಿಗುವ ಪ್ರಶ್ನೆಯೇ ಇಲ್ಲ. ಸಿಮ್‌ನ ಆದ್ಯತೆಯ ಪಟ್ಟಿಯಲ್ಲಿ ಒಮಾನ್‌ನ ಜಾಲವೊಂದಿದ್ದು ಮೊದಲು ಅದೇ ಸಿಕ್ಕರೆ ಫೋನು ಅದನ್ನು ಸೇರುತ್ತದೆ. ಇನ್ನು ಅದರ ನಿಯತಕಾಲಿಕ ಹುಡುಕಾಟ ಒಮಾನ್‌ಗೆ ಸೀಮಿತ. ಮನೆಗೆ ಮರಳಿದ ಮೇಲೆಯೂ ಆ ಸಂಕೇತ ತೆಳುವಾಗಿ ಸಿಗುತ್ತಿದ್ದರೆ ಫೋನು ಅಲ್ಲೇ ಉಳಿಯುತ್ತದೆ. ರಾತ್ರಿ ದಿನದ ಫೋಟೋಗಳು ತಾವಾಗಿಯೇ ಸಂಗ್ರಹತಾಣಕ್ಕೆ ಏರುತ್ತವೆ, ವಾಟ್ಸ್‌ಆಪ್ ಗುಂಪುಗಳ ವಿಡಿಯೋಗಳು ಇಳಿಯುತ್ತವೆ. ಲೆಕ್ಕದ ಸ್ವರೂಪ ತಿಳಿಯಲು ಪ್ಯಾಕ್ ಹೊರಗಿನ ದರವನ್ನು 1 ಎಂಬಿಗೆ 500 ರೂ. ಎಂದು ಇಟ್ಟುಕೊಂಡರೆ (ದರಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆ), ನಾಲ್ಕೈದು ಫೋಟೋಗಳಷ್ಟೇ ಆಗುವ 20 ಎಂಬಿಗೆ 10,000 ರೂ. ಬೀಳುತ್ತದೆ. ಮಾತಿನ ಕರೆಗಿಂತ ಡೇಟಾ ಅಪಾಯಕಾರಿ ಎನ್ನುವುದು ಇದಕ್ಕೇ: ಕರೆ ಮಾಡಿದ್ದು ಮನುಷ್ಯನಿಗೆ ನೆನಪಿರುತ್ತದೆ, ಡೇಟಾ ಖರ್ಚಾದದ್ದು ಅವನಿಗೆ ಗೊತ್ತೇ ಇರುವುದಿಲ್ಲ.

ಹೊರಜಾಲದ ಸಂಸ್ಥೆ ಈ ಬಳಕೆಯ ದಾಖಲೆಯನ್ನು ಸಿದ್ಧಪಡಿಸಿ ಸ್ವಂತ ಸಂಸ್ಥೆಗೆ ಕಳುಹಿಸುತ್ತದೆ. ಸ್ವಂತ ಸಂಸ್ಥೆ ಅದನ್ನು ಗ್ರಾಹಕನ ಲೆಕ್ಕಕ್ಕೆ ಏರಿಸುತ್ತದೆ. ಪೋಸ್ಟ್‌ಪೇಯ್ಡ್ ಗ್ರಾಹಕನಿಗೆ ಇದು ತಿಳಿಯುವುದು ಮುಂದಿನ ಬಿಲ್ಲಿನಲ್ಲಿ, ಹಲವು ಸಲ ಊರಿಗೆ ಮರಳಿದ ಬಳಿಕ.

## ಧನುಷ್ಕೋಡಿ

ಭಾರತದ ನೆಲದಲ್ಲಿಯೇ ನಿಂತು ವಿದೇಶೀ ಜಾಲವನ್ನು ಕಾಣಬಹುದಾದ, ಕನ್ನಡಿಗ ಯಾತ್ರಿಕರಿಗೆ ಚಿರಪರಿಚಿತವಾದ ಸ್ಥಳ ರಾಮೇಶ್ವರದ ಬಳಿಯ ಧನುಷ್ಕೋಡಿ. ಅಲ್ಲಿಂದ ಶ್ರೀಲಂಕಾದ ತಲೈಮನ್ನಾರ್‌ಗೆ ಕಡಲ ಮೇಲೆ 30 ಕಿ.ಮೀ.ಗಿಂತ ಕಡಿಮೆ ದೂರ. ನಡುವೆ ಕಟ್ಟಡವಾಗಲಿ ಗುಡ್ಡವಾಗಲಿ ಇಲ್ಲದ ನೀರಿನ ಮೇಲೆ ಸಂಕೇತ ಬಹುದೂರ ಸಾಗುತ್ತದೆ. ಸಾಮಾನ್ಯ ಜಿಎಸ್‌ಎಂ ಟವರಿಗೆ ಒಂದು ಮಿತಿಯಿದೆ: ಫೋನಿನಿಂದ ಬರುವ ಉತ್ತರ ತಡವಾಗಿ ತಲುಪುವುದನ್ನು ಅದು ಸರಿದೂಗಿಸಿಕೊಳ್ಳಬಲ್ಲುದು ಸುಮಾರು 35 ಕಿ.ಮೀ.ವರೆಗೆ ಮಾತ್ರ. ಅದರಾಚೆ ಸಂಕೇತ ಕೇಳಿದರೂ ಸಂಪರ್ಕ ಏರ್ಪಡುವುದಿಲ್ಲ. ತಲೈಮನ್ನಾರ್ ಈ ಮಿತಿಯ ಒಳಗೇ ಬರುತ್ತದೆ. ಹಾಗಾಗಿ ಮರಳ ತುದಿಯಲ್ಲಿ ನಿಂತವರ ಫೋನಿಗೆ ಶ್ರೀಲಂಕಾ ಜಾಲದ ಸ್ವಾಗತ ಸಂದೇಶ ಬರುವುದುಂಟು. ಅಂತರರಾಷ್ಟ್ರೀಯ ರೋಮಿಂಗ್ ಸಕ್ರಿಯವಾಗಿಲ್ಲದ ಸಿಮ್‌ಗೆ ಅಲ್ಲಿ ಸೇವೆ ದೊರೆಯುವುದಿಲ್ಲ, ಆದ್ದರಿಂದ ಶುಲ್ಕವೂ ಇಲ್ಲ. ಪರದೆಯ ಮೇಲೆ ತುರ್ತು ಕರೆ ಮಾತ್ರ ಎಂದು ಕಾಣಿಸುತ್ತದೆ. ವಿದೇಶ ಪ್ರಯಾಣ ಮುಗಿಸಿ ರೋಮಿಂಗ್ ಸೌಲಭ್ಯವನ್ನು ನಿಲ್ಲಿಸದೆ ಬಿಟ್ಟವರು ಇಂಥಲ್ಲಿ ಎಚ್ಚರದಿಂದಿರಬೇಕು.

## ಗುರುತಿಸುವುದು ಹೇಗೆ

ಹೊರಜಾಲಕ್ಕೆ ಸೇರಿದ ಫೋನಿಗೆ ಸ್ವಾಗತ ಸಂದೇಶವೊಂದು ಬರುತ್ತದೆ. ಅದು ಮೊದಲ ಸೂಚನೆ, ಆದರೆ ಕೆಲವೊಮ್ಮೆ ತಡವಾಗಿ ಬರುತ್ತದೆ. ಹೆಚ್ಚು ಭರವಸೆಯದು ಪರದೆಯ ಮೇಲೆ ಕಾಣುವ ಜಾಲದ ಹೆಸರು. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸಂಕೇತದ ಗೆರೆಗಳ ಪಕ್ಕದಲ್ಲಿ `R` ಎಂಬ ಅಕ್ಷರ ಮೂಡುತ್ತದೆ. ಆದರೆ ಭಾರತದಿಂದ ಹೋದ ಸಿಮ್‌ಗೆ ಅರಬ್ ಸಂಸ್ಥಾನದ ಜಾಲದಲ್ಲಿರುವಾಗಲೂ ಅದೇ ಅಕ್ಷರ ಇರುತ್ತದೆ. ಒಮಾನ್‌ಗೆ ಹಾರಿತೇ ಇಲ್ಲವೇ ಎಂಬುದನ್ನು ಅದು ಹೇಳದು, ಹೆಸರನ್ನೇ ಓದಬೇಕು.

ಗಡಿಯಾರ ತಾನಾಗಿ ಬದಲಾದರೆ ಜಾಲ ಬದಲಾಗಿದೆ ಎಂದು ತಿಳಿಯಬಹುದೆಂಬ ಸಲಹೆಯೊಂದು ಚಲಾವಣೆಯಲ್ಲಿದೆ. ಭಾರತ–ನೇಪಾಳ ಅಥವಾ ಭಾರತ–ಬಾಂಗ್ಲಾದೇಶ ಗಡಿಯಲ್ಲಿ ಇದು ನಿಜ. ಆದರೆ ಸಂಯುಕ್ತ ಅರಬ್ ಸಂಸ್ಥಾನ ಮತ್ತು ಒಮಾನ್ ಒಂದೇ ಕಾಲಮಾನವನ್ನು ಅನುಸರಿಸುತ್ತವೆ, ಭಾರತ ಮತ್ತು ಶ್ರೀಲಂಕಾ ಕೂಡ ಹಾಗೆಯೇ. ಇಲ್ಲಿ ವಿವರಿಸಿದ ಎರಡು ಅಂತರರಾಷ್ಟ್ರೀಯ ಪ್ರಕರಣಗಳಲ್ಲಿಯೂ ಗಡಿಯಾರ ಕದಲುವುದಿಲ್ಲ.

## ತಡೆಯುವ ವಿಧಾನ ಮತ್ತು ಅದರ ಮಿತಿ

ಖಚಿತವಾದ ಉಪಾಯ ಜಾಲದ ಆಯ್ಕೆಯನ್ನು ಫೋನಿನಿಂದ ಕಿತ್ತುಕೊಂಡು ಬಳಕೆದಾರನೇ ಮಾಡುವುದು. ಸೆಟ್ಟಿಂಗ್ಸ್‌ನ ಮೊಬೈಲ್ ಜಾಲದ ವಿಭಾಗದಲ್ಲಿ `Network operators` ಅಥವಾ `Network selection` ಎಂಬ ಹೆಸರಿನ ಆಯ್ಕೆಯಿರುತ್ತದೆ. ಅದರಲ್ಲಿ ಸ್ವಯಂಚಾಲಿತ ಆಯ್ಕೆಯನ್ನು ನಿಲ್ಲಿಸಿದರೆ ಫೋನು ಒಂದೆರಡು ನಿಮಿಷ ಹುಡುಕಿ ಸಿಗುವ ಜಾಲಗಳ ಪಟ್ಟಿಯನ್ನು ತೋರಿಸುತ್ತದೆ. ಪ್ಯಾಕ್ ಅನ್ವಯಿಸುವ ಜಾಲವನ್ನು ಒತ್ತಿದರೆ ಫೋನು ಅದಕ್ಕೇ ಕಟ್ಟಿಹಾಕಿದಂತಾಗುತ್ತದೆ. ಸಂಕೇತ ತಪ್ಪಿದರೂ ಬೇರೆಯದನ್ನು ಅದು ಸೇರುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೆಂದರೆ, ಆ ಜಾಲ ಸಿಗದ ಕಡೆ ಫೋನು ಮೂಕವಾಗುತ್ತದೆ. ಗಡಿಪ್ರದೇಶ ಬಿಟ್ಟ ಮೇಲೆ, ವಿಶೇಷವಾಗಿ ಊರಿಗೆ ಮರಳಿ ವಿಮಾನದಿಂದ ಇಳಿದಾಗ, ಸ್ವಯಂಚಾಲಿತ ಆಯ್ಕೆಯನ್ನು ಮತ್ತೆ ಹಾಕದಿದ್ದರೆ 'ಸೇವೆಯಿಲ್ಲ' ಎಂದೇ ತೋರಿಸುತ್ತಿರುತ್ತದೆ. ಬಜಪೆಯಲ್ಲಿ ಇಳಿದು ಫೋನು ಕೆಟ್ಟಿತೆಂದು ಅಂಗಡಿಗೆ ಒಯ್ಯುವ ಮೊದಲು ಇದನ್ನು ನೋಡುವುದು ಲೇಸು. ತುರ್ತು ಕರೆಗಳು ಮಾತ್ರ ಈ ಕಟ್ಟಿಗೆ ಒಳಪಡದೆ ಲಭ್ಯವಿರುವ ಯಾವುದೇ ಜಾಲದ ಮೂಲಕ ಹೋಗಬಲ್ಲವು.

ಎರಡನೆಯ ಉಪಾಯ `Data roaming` ಎಂಬುದನ್ನು ಆರಿಸಿಡುವುದು. ಇದರಿಂದ ಡೇಟಾ ಶುಲ್ಕ ಪೂರ್ತಿ ನಿಲ್ಲುತ್ತದೆ. ಆದರೆ ಕರೆಗಳಿಗೆ ಇದು ಅಡ್ಡಿಯಲ್ಲ. ಬರುವ ಕರೆಯನ್ನು ಎತ್ತಿದರೆ ಶುಲ್ಕ ಬೀಳುತ್ತದೆ. ಸ್ಥಳೀಯ ಸಿಮ್ ಹೊಂದಿದ ಗಡಿಯೂರಿನ ನಿವಾಸಿಗೆ ಇದು ಉತ್ತಮ ವ್ಯವಸ್ಥೆ, ಏಕೆಂದರೆ ಸ್ವಂತ ಜಾಲದಲ್ಲಿ ಅವನ ಡೇಟಾ ಎಂದಿನಂತೆ ನಡೆಯುತ್ತದೆ. ಪ್ಯಾಕ್ ಹಾಕಿಸಿಕೊಂಡು ಬಂದ ಭಾರತದ ಸಿಮ್‌ನವನಿಗೆ ಇದು ಒಗ್ಗುವುದಿಲ್ಲ. ಅವನಿಗೆ ಡೇಟಾ ದೊರೆಯುವುದೇ ರೋಮಿಂಗ್‌ನಿಂದ. ಅಂಥವನು ಮೊದಲನೆಯ ಉಪಾಯವನ್ನೇ ಹಿಡಿಯಬೇಕು, ಅಥವಾ ಪ್ಯಾಕ್ ಕೊಳ್ಳುವಾಗಲೇ ಅದರಲ್ಲಿ ಒಮಾನ್ ಸೇರಿದೆಯೇ ಎಂದು ನೋಡಬೇಕು. ಹೊರಜಾಲಕ್ಕೆ ಆಗಲೇ ಸೇರಿಬಿಟ್ಟಿದ್ದರೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯುವುದರಿಂದ ಕೆಲವೊಮ್ಮೆ ಮರಳುತ್ತದೆ. ಆದರೆ ಫೋನು ಕೊನೆಯದಾಗಿ ನೋಂದಾಯಿಸಿದ್ದ ಜಾಲವನ್ನೇ ಮೊದಲು ಪ್ರಯತ್ನಿಸಬಹುದಾದ್ದರಿಂದ ಇದನ್ನು ನಂಬಿ ಕೂರುವಂತಿಲ್ಲ.

## ನಿಯಮಗಳು ಮತ್ತು ದೂರು

ಈ ವಿಷಯವನ್ನು ಹೆಸರಿಸಿ ನಿಯಮ ಮಾಡಿದ ಮೊದಲಿಗರಲ್ಲಿ ಯುರೋಪ್ ಒಕ್ಕೂಟ ಒಂದು. ಅಲ್ಲಿ ಸದಸ್ಯ ದೇಶಗಳ ನಡುವಿನ ಹೆಚ್ಚುವರಿ ರೋಮಿಂಗ್ ಶುಲ್ಕ 2017ರ ಜೂನ್ 15ರಿಂದ ರದ್ದಾಗಿದೆ. ಆದ್ದರಿಂದ ಸಮಸ್ಯೆ ಉಳಿದಿರುವುದು ಒಕ್ಕೂಟದ ಹೊರ ಅಂಚಿನಲ್ಲಿ. 2022ರ ಜುಲೈ 1ರಿಂದ ಜಾರಿಯಾದ ನಿಯಮವು ಗಡಿಪ್ರದೇಶದ ಅನೈಚ್ಛಿಕ ರೋಮಿಂಗ್‌ನಿಂದ ಪಾರಾಗುವ ಬಗೆಯನ್ನು ಗ್ರಾಹಕರಿಗೆ ತಿಳಿಸುವ ಹೊಣೆಯನ್ನು ಸಂಸ್ಥೆಗಳ ಮೇಲೆ ಹೊರಿಸಿದೆ. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ ಉತ್ತರ ಐರ್ಲೆಂಡಿನ ಗಡಿಯಲ್ಲಿ ಇದೇ ತಾಪತ್ರಯ ಮರುಕಳಿಸಿತು. ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ಎಚ್ಚರಿಕೆ ಸಂದೇಶದ ನಿಯಮಗಳು 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ಕೊಲ್ಲಿ ಸಹಕಾರ ಮಂಡಳಿಯ ದೇಶಗಳು ತಮ್ಮೊಳಗಿನ ರೋಮಿಂಗ್ ದರಗಳಿಗೆ ಮಿತಿ ಹಾಕಿಕೊಂಡಿವೆ. ಆ ಮಿತಿಯಿಂದ ಅಲ್ ಐನ್‌ನಲ್ಲಿ ಸ್ಥಳೀಯ ಸಿಮ್ ಹೊಂದಿದವರಿಗೆ ಹೊರೆ ತಗ್ಗಿದೆ. ಭಾರತದ ಸಿಮ್‌ಗೆ ಅದು ಅನ್ವಯಿಸುವುದಿಲ್ಲ.

ಭಾರತದಲ್ಲಿ ಬಿಲ್ಲಿನ ಬಗ್ಗೆ ತಕರಾರಿದ್ದರೆ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳಂತೆ ಎರಡು ಹಂತಗಳಿವೆ. ಮೊದಲು ಸಂಸ್ಥೆಯ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಪಡೆಯಬೇಕು. ಪರಿಹಾರ ತೃಪ್ತಿಕರವಾಗದಿದ್ದರೆ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ವೈಯಕ್ತಿಕ ದೂರುಗಳನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ.

ಇಂಥ ದೂರಿನಲ್ಲಿ 'ನಾನು ಗಡಿ ದಾಟಿಲ್ಲ' ಎಂಬ ಮಾತೊಂದೇ ಸಾಲದು. ಸಂಸ್ಥೆಯ ದಾಖಲೆಯಲ್ಲಿ ಟವರ್ ಆಚೆಯದೆಂದೇ ಇರುತ್ತದೆ ಮತ್ತು ಅದು ಸುಳ್ಳೂ ಅಲ್ಲ. ದಾಟಿಲ್ಲ ಎಂಬುದಕ್ಕೆ ಪಾಸ್‌ಪೋರ್ಟಿನಲ್ಲಿ ಒಮಾನ್‌ನ ಮುದ್ರೆ ಇಲ್ಲದಿರುವುದು, ಅದೇ ಹೊತ್ತಿನ ಅಂಗಡಿಯ ರಸೀದಿ, ವಿವರಪಟ್ಟಿಯಲ್ಲಿ ಕೆಲವು ನಿಮಿಷಗಳ ಅಂತರದಲ್ಲೇ ಎರಡು ದೇಶಗಳ ಜಾಲಗಳ ಹೆಸರು ಬಂದಿರುವುದು ಆಧಾರವಾಗಬಲ್ಲವು. ಕೊನೆಯದು ಹೆಚ್ಚು ಬಲವಾದದ್ದು. ತಪಾಸಣಾ ಠಾಣೆಯನ್ನು ದಾಟಿ ಅಷ್ಟು ಬೇಗ ಹೋಗಿ ಬರುವುದು ಸಾಧ್ಯವಿಲ್ಲ. ಆದ್ದರಿಂದ ಒಟ್ಟು ಮೊತ್ತದ ಬಿಲ್ಲನ್ನಲ್ಲ, ಪ್ರತಿ ಬಳಕೆಯ ದಿನಾಂಕ, ಸಮಯ ಮತ್ತು ಜಾಲದ ಹೆಸರಿರುವ ವಿವರಪಟ್ಟಿಯನ್ನು ಕೇಳಿ ಪಡೆಯಬೇಕು.